ಪವರ್‌ಪ್ಲೇ ಅಂದರೆ ಏನು? ಫೀಲ್ಡರ್‌ಗಳಿಗೆ ಯಾವ ಕಟ್ಟುಪಾಡು?

‘ಬ್ಯಾಟಿಂಗ್ ತಂಡ ಕೇಳಿದಾಗ ಪವರ್‌ಪ್ಲೇ ಕೊಡುತ್ತಾರೆ’, ‘ಪವರ್‌ಪ್ಲೇಯಲ್ಲಿ ಫೀಲ್ಡರ್‌ಗಳು ಸರ್ಕಲ್ ದಾಟುವಂತಿಲ್ಲ’. ಪಂದ್ಯ ನಡೆಯುವಾಗ ಇಂಥ ಮಾತುಗಳು ಆಗಾಗ ಕಿವಿಗೆ ಬೀಳುತ್ತವೆ. ಅಂತಾರಾಷ್ಟ್ರೀಯ ಪಂದ್ಯಗಳ ಮಟ್ಟಿಗೆ ಇವೆರಡೂ ಈಗ ಸರಿಯಲ್ಲ. ಮೊದಲನೆಯದು ಹಳೆಯ ನೆನಪು. ಏಕದಿನ ಪಂದ್ಯಗಳಲ್ಲಿ ಒಂದು ಕಾಲಕ್ಕೆ ಬ್ಯಾಟಿಂಗ್ ಪವರ್‌ಪ್ಲೇ ಇತ್ತು, 2015ರಲ್ಲಿ ಐಸಿಸಿ ಅದನ್ನು ಕೈಬಿಟ್ಟಿತು.

ಟಿ20ಯನ್ನೇ ನೋಡೋಣ. ಬೌಲರ್ ಮತ್ತು ವಿಕೆಟ್ ಕೀಪರ್ ಬಿಟ್ಟರೆ ಮೈದಾನದಲ್ಲಿ ಉಳಿಯುವವರು 9 ಫೀಲ್ಡರ್‌ಗಳು. ಮೊದಲ 6 ಓವರ್‌ಗಳಲ್ಲಿ ಇವರ ಪೈಕಿ ಹೆಚ್ಚೆಂದರೆ ಇಬ್ಬರು 30 ಯಾರ್ಡ್ ಸರ್ಕಲ್‌ನ ಹೊರಗೆ ನಿಲ್ಲಬಹುದು. ಇದೇ ಪವರ್‌ಪ್ಲೇ. ಬೌಂಡರಿ ಕಾಯಲು ಇಬ್ಬರೇ ಇರುವುದರಿಂದ ಬ್ಯಾಟರ್ ಚೆಂಡನ್ನು ಸರ್ಕಲ್‌ನ ಮೇಲಿಂದ ಎತ್ತಿ ಹೊಡೆದರೆ ನಾಲ್ಕು ರನ್ ಸಿಗುವ ಅವಕಾಶ ಹೆಚ್ಚು. 7ನೇ ಓವರ್‌ನಿಂದ ಐವರು ಹೊರಗೆ ನಿಲ್ಲಬಹುದು. ಏಕದಿನ ಪಂದ್ಯದಲ್ಲಿ ಮೊದಲ 10 ಓವರ್‌ಗೆ ಇಬ್ಬರು, 40ನೇ ಓವರ್ ತನಕ ನಾಲ್ವರು, ಕೊನೆಯ 10 ಓವರ್‌ಗೆ ಐವರು.

ಅಂದಹಾಗೆ, ಆ ಸರ್ಕಲ್ ನಿಜಕ್ಕೂ ವೃತ್ತವಲ್ಲ. ಎರಡೂ ತುದಿಯ ನಡುವಿನ ಸ್ಟಂಪ್‌ನಿಂದ 27.43 ಮೀಟರ್ ಅಳೆದು ಎರಡು ಅರ್ಧವೃತ್ತ ಎಳೆದು, ಅವನ್ನು ನೇರ ಗೆರೆಗಳಿಂದ ಜೋಡಿಸುತ್ತಾರೆ.

ಇನ್ನು ಎರಡನೆಯ ಮಾತು. ನಿಯಮ ನೋಡುವುದು ಬೌಲರ್ ಚೆಂಡು ಎಸೆಯುವ ಕ್ಷಣವನ್ನು ಮಾತ್ರ. ಆಮೇಲೆ ಚೆಂಡಿನ ಬೆನ್ನಟ್ಟಿ ಯಾರು ಬೇಕಾದರೂ ಗೆರೆ ದಾಟಬಹುದು. ಆದರೆ ಆ ಕ್ಷಣದಲ್ಲಿ ಮೂರನೆಯವನು ಹೊರಗಿದ್ದರೆ ಅಂಪೈರ್ ನೋ ಬಾಲ್ ಕೊಡುತ್ತಾರೆ. ಆ ಎಸೆತದಲ್ಲಿ ಬೌಲ್ಡ್ ಆದರೂ ಕ್ಯಾಚ್ ಆದರೂ ಬ್ಯಾಟರ್ ಔಟ್ ಅಲ್ಲ, ಮುಂದಿನದು ಫ್ರೀ ಹಿಟ್. ಬೌಲರ್‌ನ ಕಾಲು ಗೆರೆಯೊಳಗೇ ಇದ್ದರೂ ನೋ ಬಾಲ್ ಬಂದರೆ ಫೀಲ್ಡರ್‌ಗಳನ್ನು ಒಮ್ಮೆ ಎಣಿಸಿ ನೋಡಿ, ಕಾರಣ ಅಲ್ಲಿರಬಹುದು.

ಮಳೆ ಬಂದಾಗ ಲೆಕ್ಕ ಬದಲಾಗುತ್ತದೆ. ಟಿ20 ಪಂದ್ಯ 8 ಓವರ್‌ಗೆ ಇಳಿದರೆ ಅದರ ಸುಮಾರು ಶೇ 30 ಭಾಗ ಪವರ್‌ಪ್ಲೇ. 8 ಓವರ್ ಅಂದರೆ 48 ಎಸೆತ, ಅದರ ಶೇ 30 ಅಂದರೆ 14.4. ಹಾಗಾಗಿ 14 ಎಸೆತ, ಅಂದರೆ 2.2 ಓವರ್. 2025ರಿಂದ ಅಂತಾರಾಷ್ಟ್ರೀಯ ಟಿ20ಯಲ್ಲಿ ಹೀಗೆ ಎಸೆತದ ಲೆಕ್ಕವೇ ನಡೆಯುತ್ತದೆ. ಮೂರನೇ ಓವರ್‌ನ ಎರಡು ಎಸೆತ ಮುಗಿದ ಕೂಡಲೇ ಫೀಲ್ಡರ್‌ಗಳು ಬೌಂಡರಿಯತ್ತ ಓಡಿದರೆ ಅದು ತಪ್ಪಲ್ಲ.

ಟಿ20ಯ ಕೊನೆಯ ಓವರ್‌ನಲ್ಲಿ ಹೊರಗೆ ನಾಲ್ವರೇ ಕಂಡರೆ ‘ಮತ್ತೆ ಪವರ್‌ಪ್ಲೇ ಬಂತು’ ಅನ್ನಬೇಡಿ. ಸಮಯಕ್ಕೆ ಓವರ್ ಮುಗಿಸದ ಬೌಲಿಂಗ್ ತಂಡಕ್ಕೆ ಹೊರಗಿನ ಒಬ್ಬನನ್ನು ಒಳಗೆ ಕರೆಸುವ ದಂಡ ಅದಾಗಿರಬಹುದು.