ಸತ್ತ ತಂತಿಯಲ್ಲಿ ನೂರಹತ್ತು ವೋಲ್ಟು

ಮಹಡಿ ಮನೆಯ ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಇರುತ್ತದೆ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದ ಮೇಲೆ ಕೆಲವು ಮನೆಗಳಲ್ಲಿ ಹೊಸದೊಂದು ತಾಪತ್ರಯ ಶುರುವಾಗುತ್ತದೆ. ಸ್ವಿಚ್ ಆರಿಸಿದರೂ ಬಲ್ಬು ರಾತ್ರಿಯಿಡೀ ಮಂಕಾಗಿ ಉರಿಯುತ್ತದೆ, ಇಲ್ಲವೇ ಆಗಾಗ ಮಿಣುಕುತ್ತದೆ. ಬಲ್ಬು ಕಳಚಿ ಹೋಲ್ಡರಿಗೆ ಡಿಜಿಟಲ್ ಮಲ್ಟಿಮೀಟರ್ ಹಿಡಿದರೆ ಸುಮಾರು 110 ವೋಲ್ಟು ಕಾಣುತ್ತದೆ. ಫೇಸ್ ಬಂದಿದ್ದರೆ 230 ಇರಬೇಕು, ಬಾರದಿದ್ದರೆ ಸೊನ್ನೆ. ನಡುವಿನ ಈ ಅಂಕಿ ಕಂಡು, ಒಳಗೆಲ್ಲೋ ವೈರ್ ಸುಟ್ಟಿದೆ ಎಂದು ಗೋಡೆ ಒಡೆಸಲು ಹೊರಡುವವರೂ ಇದ್ದಾರೆ.

ವೈರ್ ಸುಟ್ಟಿರಲೇಬೇಕೆಂದಿಲ್ಲ. ಎರಡು ಸ್ವಿಚ್‌ಗಳ ನಡುವೆ ಒಂದೇ ಪಿವಿಸಿ ಪೈಪಿನಲ್ಲಿ ಎರಡು ವೈರುಗಳು ಓಡುತ್ತವೆ. ದೀಪ ಆರಿರುವಾಗ ಒಂದರಲ್ಲಿ ಪೂರ್ತಿ ಫೇಸ್ ಇರುತ್ತದೆ. ಇನ್ನೊಂದು ದೀಪಕ್ಕೆ ಸೇರಿದ್ದು, ಕೆಳಗಿನ ಸ್ವಿಚ್‌ನಲ್ಲಿ ಯಾವುದಕ್ಕೂ ಅಂಟದೆ ನಿಂತಿರುತ್ತದೆ. ಎರಡೂ ಎಲ್ಲಿಯೂ ತಾಗುವುದಿಲ್ಲ. ಆದರೆ ಎರಡು ತಾಮ್ರದ ನಡುವೆ ಪಿವಿಸಿ ಹೊದಿಕೆ ಎಂದರೆ ಅದೊಂದು ಕೆಪಾಸಿಟರ್. ಎಸಿ ಕರೆಂಟು ಅದನ್ನು ದಾಟಿ ಸ್ವಲ್ಪ ಹರಿಯುತ್ತದೆ. ಎಲೆಕ್ಟ್ರಿಷಿಯನ್‌ಗಳು ಇದನ್ನು ‘ಇಂಡಕ್ಷನ್’ ಎನ್ನುತ್ತಾರೆ. ಇಲ್ಲಿ ಕೆಲಸ ಮಾಡುವುದು ಪಕ್ಕದ ವೈರಿನ ವೋಲ್ಟೇಜು. ಅದರಲ್ಲಿ ಕರೆಂಟು ಹರಿಯಬೇಕೆಂದೇನೂ ಇಲ್ಲ.

ಎಷ್ಟು ಹರಿಯುತ್ತದೆ, ಲೆಕ್ಕ ಹಾಕೋಣ. ಹತ್ತು ಮೀಟರ್ ಜೊತೆಯಾಗಿ ಓಡಿದ ವೈರುಗಳ ನಡುವೆ 1000 ಪಿಕೋಫ್ಯಾರಡ್ ಇದೆ ಎಂದಿಟ್ಟುಕೊಳ್ಳಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ಅದು ಸುಮಾರು 32 ಲಕ್ಷ ಓಂನಷ್ಟು ಅಡ್ಡಿ. ಆ ಅಡ್ಡಿ ದಾಟಿ ಬರಬಲ್ಲ ಕರೆಂಟು ಹೆಚ್ಚೆಂದರೆ 72 ಮೈಕ್ರೋಆಂಪಿಯರ್, ಅಂದರೆ ಒಂದು ಮಿಲಿಆಂಪಿಯರ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಆದರೂ ಮೀಟರ್ ಅದನ್ನು ದೊಡ್ಡ ಅಂಕಿಯಾಗಿ ತೋರಿಸುವುದಕ್ಕೆ ಕಾರಣ ಮೀಟರಿನ ಒಳಗಿದೆ. ಸಾಮಾನ್ಯ ಡಿಜಿಟಲ್ ಮೀಟರಿನ ರೆಸಿಸ್ಟೆನ್ಸ್ ಒಂದು ಕೋಟಿ ಓಂ. ಅದು ಕರೆಂಟನ್ನು ಎಳೆಯುವುದೇ ಇಲ್ಲವೆನ್ನಬಹುದು, ಹಾಗಾಗಿ ಸತ್ತ ವೈರಿನ ವೋಲ್ಟೇಜು ಕುಸಿಯುವುದಿಲ್ಲ. ಪೈಪಿನಲ್ಲಿ ಫೇಸ್ ಒಂದೇ ಇದ್ದಿದ್ದರೆ 220ರ ಹತ್ತಿರವೇ ತೋರಿಸುತ್ತಿತ್ತು. ನ್ಯೂಟ್ರಲ್ ಕೂಡ ಅಷ್ಟೇ ಹತ್ತಿರ ಓಡುತ್ತಿದ್ದರೆ ಅದು ತನ್ನ ಕಡೆಗೆ ಎಳೆದು ಅರ್ಧಕ್ಕೆ ಇಳಿಸುತ್ತದೆ. ಆ 110 ಬಂದದ್ದು ಹೀಗೆ.

ಟೆಸ್ಟರ್ ಹಿಡಿದರೂ ಪರಿಹಾರ ಸಿಗುವುದಿಲ್ಲ. ಅದರೊಳಗಿನ ನಿಯಾನ್ ಹೊತ್ತಿಕೊಳ್ಳಲು ಕೆಲವು ಹತ್ತು ಮೈಕ್ರೋಆಂಪಿಯರ್ ಸಾಕು, ಮಂಕಾಗಿಯಾದರೂ ಉರಿದೀತು. ಎಲ್‌ಇಡಿ ಮಿಣುಕುವುದೂ ಇದರಿಂದಲೇ: ಬಲ್ಬಿನೊಳಗಿನ ಕೆಪಾಸಿಟರ್ ಆ ಚೂರುಪಾರು ಕರೆಂಟನ್ನು ಕೂಡಿಟ್ಟು, ತುಂಬಿದಾಗ ಒಮ್ಮೆ ಬೆಳಗಿ ಖಾಲಿಯಾಗುತ್ತದೆ.

ನಿಜವಾದ ಸಪ್ಲೈ ಬೇರೆಯಾಗುವುದು ಲೋಡ್ ಕೊಟ್ಟಾಗ. ಎಲೆಕ್ಟ್ರಿಷಿಯನ್ 60 ವ್ಯಾಟಿನ ತಂತಿಬಲ್ಬಿನ ಟೆಸ್ಟ್ ಲ್ಯಾಂಪನ್ನು ಮೀಟರಿನ ಜೊತೆಗೇ ಅದೇ ಎರಡು ತುದಿಗಳಿಗೆ ಸೇರಿಸಿದರೆ, 110 ಆ ಕ್ಷಣವೇ ಸೊನ್ನೆಗೆ ಬೀಳುತ್ತದೆ. ತಣ್ಣಗಿರುವ ಬಲ್ಬಿನ ರೆಸಿಸ್ಟೆನ್ಸ್ ನೂರು ಓಂಗಿಂತ ಕಡಿಮೆ. ನಿಜವಾದ ಫೇಸ್ ಆಗಿದ್ದರೆ ಬಲ್ಬು ಹೊತ್ತಿಕೊಂಡು ಮೀಟರ್ 230ರಲ್ಲೇ ನಿಲ್ಲುತ್ತದೆ. ಕೆಲವು ಮೀಟರ್‌ಗಳಲ್ಲಿ LoZ ಎಂಬ ಸ್ಥಾನವಿದೆ, ಅಲ್ಲಿ ಮೀಟರೇ ಕೆಲವು ಸಾವಿರ ಓಂನ ಲೋಡ್ ಆಗುತ್ತದೆ. ಅದನ್ನು ನ್ಯೂಟ್ರಲ್‌ಗೆ ಹಿಡಿದೇ ನೋಡುವುದು ಒಳ್ಳೆಯದು. ಫೇಸ್‌ನಿಂದ ಅರ್ತ್‌ಗೆ ಹಿಡಿದರೆ ಮನೆಯ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬಿದ್ದುಹೋಗಬಹುದು.

ಇಷ್ಟರಿಂದ ಪೂರ್ತಿ ನಿಶ್ಚಿಂತೆ ಇಲ್ಲ. ಮಳೆಗಾಲದಲ್ಲಿ ತೇವ ಹಿಡಿದ ಜಾಯಿಂಟು ಲಕ್ಷ ಓಂ ದಾಟಿ ಫೇಸ್ ಸೋರಿಸುತ್ತಿದ್ದರೂ LoZ ಅದನ್ನು ಏಳೆಂಟು ವೋಲ್ಟಿಗೆ ಇಳಿಸಿ ತೋರಿಸುತ್ತದೆ. ಆದರೆ ಅದು ಸುಳ್ಳು ವೋಲ್ಟೇಜಲ್ಲ, ನಿಜವಾದ ದೋಷ. ಮುಟ್ಟಿದವರಿಗೆ ಜುಮ್ಮೆನ್ನುತ್ತದೆ, ತೇವ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಅಂಕಿ ಸೊನ್ನೆಗೆ ಬೀಳದೆ ಉಳಿದರೆ ಮೇನ್ ಆರಿಸಿ ಇನ್ಸುಲೇಷನ್ ಪರೀಕ್ಷೆ ಮಾಡಿಸಬೇಕು. ನ್ಯೂಟ್ರಲ್ ತುಂಡಾಗಿದ್ದರೆ ಇನ್ನೂ ಕೆಟ್ಟದ್ದು. ಆನ್ ಆಗಿರುವ ಗೀಸರ್‌ನಂಥ ಲೋಡಿನ ಮೂಲಕ ಫೇಸ್ ಬಂದು ನ್ಯೂಟ್ರಲ್ ವೈರಿನಲ್ಲಿ ಕೂತಿರುತ್ತದೆ, ಅದು ಕೊಲ್ಲಬಲ್ಲದು. ಯಾವ ಲೋಡ್ ಕೊಟ್ಟರೂ ‘ಸೊನ್ನೆ’ ಎಂದು ನಂಬುವ ಮುನ್ನ ಮತ್ತು ನಂತರ, ಕರೆಂಟು ಇರುವುದು ಖಚಿತವಾದ ಪ್ಲಗ್ಗಿನಲ್ಲಿ ಅದೇ ಮೀಟರನ್ನು ಪರೀಕ್ಷಿಸಿಕೊಳ್ಳಲೇಬೇಕು.

ಹತ್ತು ಮೀಟರಿನ ಪೈಪಿನಲ್ಲಿ 72 ಮೈಕ್ರೋಆಂಪಿಯರ್ ಆದದ್ದು ವೋಲ್ಟೇಜು ಮತ್ತು ಉದ್ದ ಬೆಳೆದಂತೆ ಬೆಳೆಯುತ್ತದೆ. ಒಂದೇ ಟವರಿನಲ್ಲಿ ಎರಡು ಹೈಟೆನ್ಷನ್ ಲೈನುಗಳು ಮೈಲುಗಟ್ಟಲೆ ಜೊತೆಯಾಗಿ ಓಡುವಲ್ಲಿ, ಆಫ್ ಮಾಡಿದ ಲೈನು ಪಕ್ಕದ ಲೈನಿನ ಕಪ್ಲಿಂಗ್‌ನಿಂದಲೇ ಜೀವ ತೆಗೆಯಬಲ್ಲದು. ಅಲ್ಲಿ ಪಕ್ಕದ ಲೈನಿನ ಕರೆಂಟಿನ ಕಾಂತಕ್ಷೇತ್ರವೂ ಸೇರಿಕೊಳ್ಳುತ್ತದೆ. ಆದ್ದರಿಂದ ಸಪ್ಲೈ ಕಡಿದ ಮೇಲೂ, ಕೆಲಸದ ಜಾಗದ ಎರಡೂ ಬದಿ ಅರ್ತ್ ಕಟ್ಟಿದ ನಂತರವೇ ಲೈನಿಗೆ ಕೈ ಹಾಕಬೇಕು.