ಕಂತಿಗೆ 196 ರೂಪಾಯಿ ಕಮ್ಮಿ

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಸ್ಕೂಟರ್ ಸಾಲ ಮಾಡಿದ್ದಾಳೆ ಎಂದುಕೊಳ್ಳಿ. ಕಂತು 3,640 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖು. ಸಂಬಳ ಬರುವ ಖಾತೆ ಒಂದು, ಕಂತು ಹೋಗುವ ಖಾತೆ ಇನ್ನೊಂದು. ಮೇ ತಿಂಗಳಲ್ಲೇ ಎರಡನೆಯದಕ್ಕೆ ದುಡ್ಡು ಹಾಕಿ 3,900 ಇಟ್ಟು ನಿಶ್ಚಿಂತೆಯಾದಳು. ಜೂನ್ 5ರಂದು ಕಂತು ಬೌನ್ಸ್ ಆಯಿತು.

ದುಡ್ಡು ಎಲ್ಲಿಗೂ ಮಾಯವಾಗಿರಲಿಲ್ಲ. ಎಂದೋ ಬ್ಯಾಂಕಿನಲ್ಲಿ ಸಹಿ ಹಾಕಿಕೊಟ್ಟ ಎರಡು ವಿಮೆಗಳು, ಜೀವನ್ ಜ್ಯೋತಿಯ 436 ಮತ್ತು ಸುರಕ್ಷಾ ಬಿಮಾದ 20, ವರ್ಷಕ್ಕೊಮ್ಮೆ ಮೇ ಕೊನೆಯ ಹೊತ್ತಿಗೆ ತಾವಾಗಿ ಕಡಿತವಾಗುತ್ತವೆ. ಉಳಿದದ್ದು 3,444. ಕಂತಿಗೆ 196 ಕಮ್ಮಿ. ಆಟೊ ಡೆಬಿಟ್‌ನಲ್ಲಿ ‘ಇದ್ದಷ್ಟು ತಗೊಳ್ಳಿ’ ಎಂಬ ಮಾತಿಲ್ಲ. ಒಂದು ರೂಪಾಯಿ ಕಮ್ಮಿಯಾದರೂ ಇಡೀ ಕಂತು ವಾಪಸ್.

ಇಲ್ಲಿಂದ ಮುಂದೆ ದಂಡ ಎರಡು ಕಡೆಯಿಂದ ಬೀಳುತ್ತದೆ. ಖಾತೆ ಇರುವ ಬ್ಯಾಂಕು ‘ನ್ಯಾಚ್ ರಿಟರ್ನ್’ ಎಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟ ಕಂಪನಿ ಬೌನ್ಸ್ ಚಾರ್ಜ್ ಎಂದು ತನ್ನದನ್ನು ಹಾಕುತ್ತದೆ. ದರ ಒಂದೊಂದು ಕಡೆ ಒಂದೊಂದು. ಇವಳ ಲೆಕ್ಕಕ್ಕೆ ಬ್ಯಾಂಕಿನದು 250, ಜಿಎಸ್‌ಟಿ ಸೇರಿ 295. ಕಂಪನಿಯದು 450 ಎಂದಿಟ್ಟುಕೊಳ್ಳೋಣ. ಬ್ಯಾಂಕು 295ನ್ನು ಆ ಖಾತೆಯಿಂದಲೇ ಮುರಿದುಕೊಂಡಿತು, ಉಳಿದದ್ದು 3,149. ಇದು ಅವಳ ಕಣ್ಣಿಗೆ ಬೀಳಲಿಲ್ಲ. 196 ತಾನೇ ಕಮ್ಮಿ ಎಂದು 200 ಹಾಕಿದಳು. ಕಂಪನಿ ಕೆಲವು ದಿನ ಬಿಟ್ಟು ಮತ್ತೆ ಕಳಿಸಿದಾಗ ಖಾತೆಯಲ್ಲಿದ್ದದ್ದು 3,349. ಮತ್ತೆ ಬೌನ್ಸ್, ಮತ್ತೆ ಎರಡೂ ಕಡೆ ಶುಲ್ಕ. ಒಟ್ಟು 1,490 ರೂಪಾಯಿ. ಕಂತು ಇನ್ನೂ ಬಾಕಿಯೇ, ಅದು ತಡವಾದದ್ದಕ್ಕೆ ಬೇರೆ ದಂಡ.

ಖಾತೆ ಪೂರ್ತಿ ಖಾಲಿಯಿದ್ದರೂ ಈ ಶುಲ್ಕ ತಪ್ಪುವುದಿಲ್ಲ. ಅದು ಬಾಕಿಯಾಗಿ ಕಾದು ಕುಳಿತು, ಮುಂದಿನ ತಿಂಗಳು ಕಂತಿಗೆಂದು ಹಾಕಿದ ದುಡ್ಡಿನ ಮೊದಲ ತುತ್ತನ್ನು ತಾನೇ ನುಂಗುತ್ತದೆ. ಹಾಗಾಗಿ ಬೌನ್ಸ್ ಆದ ಮೇಲೆ ದುಡ್ಡು ಹಾಕುವ ಮೊದಲು ಮೆಸೇಜನ್ನಲ್ಲ, ಸ್ಟೇಟ್‌ಮೆಂಟನ್ನು ನೋಡಬೇಕು. ಅದಕ್ಕಿಂತ ಒಳ್ಳೆಯದು, ಬಾಕಿ ಕಂತನ್ನು ಕಂಪನಿಯ ಆ್ಯಪ್‌ನಲ್ಲೋ ಶಾಖೆಯಲ್ಲೋ ನೇರವಾಗಿ ಕಟ್ಟಿ, ರಸೀದಿ ಹಿಡಿದು, ‘ಇನ್ನು ಈ ಕಂತನ್ನು ಬ್ಯಾಂಕಿಗೆ ಕಳಿಸಬೇಡಿ’ ಎಂದು ಬರವಣಿಗೆಯಲ್ಲಿ ಹೇಳುವುದು. ಆದರೆ ತಾರೀಖಿನ ಹಿಂದಿನ ದಿನ ಅವಸರಪಟ್ಟು ಹೀಗೆ ಕಟ್ಟಲು ಹೋಗಬೇಡಿ. ವಸೂಲಿ ಪಟ್ಟಿ ಅಷ್ಟರಲ್ಲಿ ಹೊರಟಿದ್ದರೆ ಕಂತು ಎರಡು ಸಲ ಹೋಗುತ್ತದೆ. ಆಗ ದುಡ್ಡನ್ನು ಖಾತೆಯಲ್ಲೇ ಇಡುವುದು ಸರಿ.

ಇದೆಲ್ಲದರ ಬೇರು ಸಾಲದ ದಿನ ಒಪ್ಪಿಗೆ ಕೊಟ್ಟ ಮ್ಯಾಂಡೇಟಿನಲ್ಲಿದೆ. ಕಾಗದಕ್ಕೆ ಸಹಿ ಹಾಕಿಯೋ, ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಅಥವಾ ಆಧಾರ್ ಒಟಿಪಿಯಲ್ಲೋ ಅದು ಮುಗಿದುಹೋಗುತ್ತದೆ, ಓದುವವರು ಕಮ್ಮಿ. ಅದರಲ್ಲಿ ಮೂರು ಕಡೆ ಕಣ್ಣು ಹಾಯಿಸಿದರೆ ಸಾಕು: ಗರಿಷ್ಠ ಮೊತ್ತ, ಖಾತೆ ಸಂಖ್ಯೆ, ಕೊನೆಯ ತಾರೀಖು. ಗರಿಷ್ಠ ಮೊತ್ತ ಕಂತಿಗಿಂತ ಹೆಚ್ಚಿರುವುದು ಮಾಮೂಲು, ಆದರೆ ಎಷ್ಟು ಪಟ್ಟು, ಯಾಕೆ ಎಂದು ಕೇಳಿ. ಖಾತೆ ಸಂಬಳದ್ದೇ ಆಗಿರಲಿ. ಕಂತಿನ ತಾರೀಖೂ ಸಂಬಳಕ್ಕೆ ಹೊಂದಬೇಕು. 7ಕ್ಕೆ ಸಂಬಳ ಬರುವವರಿಗೆ 5ರ ಕಂತು ಎಂದರೆ ತಿಂಗಳು ತಿಂಗಳೂ ಜೂಜು. ಬದಲಿಸಿ ಎಂದು ಸಹಿಗೆ ಮುಂಚೆ ಕೇಳುವುದು ಸುಲಭ, ಆಮೇಲೆ ಕಷ್ಟ. 2021ರ ಆಗಸ್ಟ್‌ನಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ, ಭಾನುವಾರವೆಂದು ಬಿಡುವಿಲ್ಲ. ದುಡ್ಡು ಹಿಂದಿನ ಸಂಜೆಯೇ ಖಾತೆಯಲ್ಲಿರಬೇಕು, ಕಂತಿನ ಮೇಲೆ ಐನೂರು ಆರುನೂರು ಹೆಚ್ಚಿದ್ದರೆ ಇಂಥ ಸಣ್ಣ ಕಡಿತಗಳಿಗೆ ತಡೆಯುತ್ತದೆ.

ತಡವಾದದ್ದಕ್ಕೆ ಹಾಕುವ ದಂಡಕ್ಕೆ ರಿಸರ್ವ್ ಬ್ಯಾಂಕ್ ಒಂದು ಲಗಾಮು ಹಾಕಿದೆ. 2024ರ ಏಪ್ರಿಲ್‌ನಿಂದ ಹೊಸ ಸಾಲಗಳಲ್ಲಿ ಅದನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಸ್ಟೇಟ್‌ಮೆಂಟಿನಲ್ಲಿ ಹಾಗೆ ಕಂಡರೆ ಬರೆದು ಕೇಳಿ. ಹಾಗೆಂದು ಬೌನ್ಸನ್ನು ಹಗುರವಾಗಿ ನೋಡುವಂತಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಇಂಥ ಪಾವತಿ ವಾಪಸಾದರೆ, 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಮಿನಲ್ಲಿ, ಚೆಕ್ ಬೌನ್ಸಿನಂತೆಯೇ, ಕೇಸು ಹಾಕಲು ಅವಕಾಶವಿದೆ. ನೋಟಿಸ್ ಬಂದರೆ ಕಟ್ಟಲು ಸಿಗುವುದು 15 ದಿನ.

ಸಾಲ ತೀರಿದ ದಿನ ಎನ್‌ಒಸಿ ಜೊತೆಗೆ ಮ್ಯಾಂಡೇಟ್ ರದ್ದಾದ ಪತ್ರವನ್ನೂ ಕೇಳಿ ಪಡೆಯಿರಿ. ಬಹಳಷ್ಟು ಮ್ಯಾಂಡೇಟುಗಳ ಕೊನೆಯ ತಾರೀಖು ಸಾಲ ಮುಗಿಯುವ ದಿನಕ್ಕಿಂತ ಎಷ್ಟೋ ಮುಂದಿರುತ್ತದೆ.