ಕರೆಂಟ್ ಹೋದಾಗ ಸಿಇಟಿ ಓದು

ಮಳೆಗಾಲದಲ್ಲಿ ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ಗಾಳಿ ಜೋರಾದರೆ ಸಾಕು, ಕರೆಂಟ್ ಹೋಗುತ್ತದೆ, ಬೆನ್ನಿಗೇ ನೆಟ್‌ವರ್ಕೂ. ಇಲ್ಲಿ ಸಿಇಟಿಗೆ ಓದುವವರಿಗೆ ಗಂಟೆ ಹಾಕಿದ ವೇಳಾಪಟ್ಟಿ ಎರಡೇ ದಿನಕ್ಕೆ ಕೆಡುತ್ತದೆ.

ಹಾಗಾಗಿ ಪಟ್ಟಿಯಲ್ಲಿ ಗಂಟೆಯ ಬದಲು ಕೆಲಸವನ್ನೇ ಬರೆಯಬೇಕು. ಸಿಇಟಿಯ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪೇಟೆಗೆ ಹೋದಾಗ ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರಗಳನ್ನು ಮುದ್ರಿಸಿ ತಂದರೆ, ಹಗಲು ಬೆಳಕಿದ್ದಾಗ ಯಾವ ಹೊತ್ತಿನಲ್ಲಾದರೂ ಒಂದು ಪತ್ರಿಕೆ ಬಿಡಿಸಬಹುದು. ಪರೀಕ್ಷೆಯೂ ಕಾಗದದ ಮೇಲೇ ತಾನೆ!

ಎನ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್ ಅಧ್ಯಾಯವಾರು ಉಚಿತ. ಇಳಿಸಿದ್ದನ್ನು ಏರೋಪ್ಲೇನ್ ಮೋಡ್‌ನಲ್ಲಿ ತೆರೆದು ನೋಡುವುದು ಜಾಣತನ. ಎಷ್ಟೋ ಬಾರಿ ಉಳಿದಿರುವುದು ಬರೀ ಲಿಂಕ್. ವಿಡಿಯೊ ಬ್ಯಾಟರಿ ತಿನ್ನುತ್ತದೆ. ಅದು ಕರೆಂಟ್ ಇದ್ದಾಗಿನ ಕೆಲಸ. ಕತ್ತಲಲ್ಲಿ ಸೂತ್ರಗಳನ್ನು ಬಾಯಲ್ಲೇ ಒಪ್ಪಿಸಬಹುದು.